ನಾಯಿಗೂ ಟಿಕೆಟ್ ಉಂಟು, ಕೂಪೆ ಸಿಕ್ಕರೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸೊಂದರಲ್ಲಿ ಅಜ್ಜಿ ಮತ್ತು ಮೊಮ್ಮಗಳು ಹತ್ತಿದರು. ಶಕ್ತಿ ಯೋಜನೆಯ ಕಾರಣ ಇಬ್ಬರಿಗೂ ಪ್ರಯಾಣ ಉಚಿತ. ಅವರ ಜೊತೆ ಪಂಜರದಲ್ಲಿ ನಾಲ್ಕು ಲವ್‌ಬರ್ಡ್‌ಗಳಿದ್ದವು. ಕಂಡಕ್ಟರ್ ಆ ನಾಲ್ಕು ಹಕ್ಕಿಗಳನ್ನು ನಾಲ್ಕು ಮಕ್ಕಳೆಂದು ಲೆಕ್ಕ ಹಾಕಿ, ಒಂದಕ್ಕೆ 111 ರೂಪಾಯಿಯಂತೆ 444 ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಆ ಟಿಕೆಟ್ಟಿನ ಚಿತ್ರ ಒಂದೇ ದಿನದಲ್ಲಿ ನಾಡಿನ ಫೋನುಗಳನ್ನೆಲ್ಲ ಸುತ್ತಿ ಬಂತು. ಬಹಳ ಜನ ನಕ್ಕರು, ಕೆಲವರು ಕಂಡಕ್ಟರ್ ಮೇಲೆ ಸಿಟ್ಟಾದರು.

ಕಂಡಕ್ಟರ್ ಮಾಡಿದ್ದು ನಿಯಮದಂತೆಯೇ ಇತ್ತು. ಹಕ್ಕಿ, ಬೆಕ್ಕು, ಮೊಲ, ನಾಯಿಮರಿ ಇವುಗಳಿಗೆ ಸಾರಿಗೆ ನಿಗಮ ಅರ್ಧ ಟಿಕೆಟ್ ಪಡೆಯುತ್ತದೆ. ದೊಡ್ಡ ನಾಯಿಗೆ ಮೊದಲು ಪೂರ್ತಿ ಟಿಕೆಟ್ ಇತ್ತು, ಆಮೇಲೆ ಅದನ್ನೂ ಅರ್ಧಕ್ಕೆ ಇಳಿಸಲಾಯಿತು. 2018ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ರೈತರೊಬ್ಬರು ಬಸ್ಸಿನಲ್ಲಿ ಒಯ್ಯುತ್ತಿದ್ದ ಎರಡು ಕೋಳಿಗಳಿಗೆ ಅರ್ಧ ಟಿಕೆಟ್ ಕೊಟ್ಟಾಗಲೂ ಇದೇ ಬಗೆಯ ಗುಲ್ಲೆದ್ದಿತ್ತು. ಮಾರ್ಗ ಮಧ್ಯದಲ್ಲಿ ತಪಾಸಣೆಯವರು ಹತ್ತಿ, ಬಸ್ಸಿನಲ್ಲಿ ಟಿಕೆಟ್ ಇಲ್ಲದ ಪ್ರಾಣಿ ಕಂಡರೆ ಉತ್ತರ ಕೊಡಬೇಕಾದವರು ಕಂಡಕ್ಟರ್. ಹಾಗಾಗಿ ಅವರು "ಇರಲಿ ಬಿಡಿ ಅಮ್ಮಾ" ಎಂದು ಸುಮ್ಮನಿರುವುದು ಅವರ ಕೆಲಸಕ್ಕೇ ಕುತ್ತು ತರಬಹುದು.

ಆ ಗದ್ದಲದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಹೋದ ಮಾತೊಂದಿದೆ. ಪ್ರಾಣಿಗಳಿಗೆ ಟಿಕೆಟ್ ಸಿಗುವುದು ಕೆಂಪು ಬಸ್ಸುಗಳಂಥ ಸಾಮಾನ್ಯ, ವೇಗದೂತ, ನಗರ ಮತ್ತು ಹೊರವಲಯದ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್ಸುಗಳಿಗೆ ಪ್ರಾಣಿಗಳನ್ನು ಹತ್ತಿಸುವುದಿಲ್ಲ. ರಾತ್ರಿಯಿಡೀ ಓಡುವ ದೂರದ ಬಸ್ಸುಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ಖಾಸಗಿ ಸ್ಲೀಪರ್ ಬಸ್ಸುಗಳವರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಬ್ಬ ಡ್ರೈವರ್ ಒಪ್ಪಿದರೂ ಡಿಕ್ಕಿಯಲ್ಲಿ ಹಾಕಿ ಎಂದಾನು. ಎಂಜಿನ್ನಿನ ಬಿಸಿ, ಹೊಗೆ ಸೇರಿಕೊಳ್ಳುವ, ಗಾಳಿ ಆಡದ ಆ ಡಿಕ್ಕಿಗೆ ಯಾವ ಪ್ರಾಣಿಯನ್ನೂ ಹಾಕಬಾರದು. ಅಂದರೆ ಬೆಂಗಳೂರಿನಿಂದ ಮೈಸೂರಿಗೋ ಹಾಸನಕ್ಕೋ ಹಗಲಲ್ಲಿ ಪಂಜರದ ಬೆಕ್ಕನ್ನು ಒಯ್ಯಲು ಬಸ್ಸು ಸಾಕು. ಮೂವತ್ತು ಕೆಜಿ ತೂಗುವ ನಾಯಿಯೊಂದಿಗೆ ಬೆಳಗಾವಿಗೋ ಕಲಬುರಗಿಗೋ ಹೊರಟವರಿಗೆ ಉಳಿಯುವುದು ಸ್ವಂತ ಕಾರು, ಬಾಡಿಗೆ ವಾಹನ, ಇಲ್ಲವೇ ರೈಲು.

ರೈಲಿನ ನಿಯಮ ಹೇಳಲು ಸುಲಭ. ನಾಯಿಯನ್ನು ಪ್ರಯಾಣಿಕರ ಡಬ್ಬಿಯೊಳಗೆ ಕರೆದೊಯ್ಯಲು ಅನುಮತಿ ಇರುವುದು ಎಸಿ ಫಸ್ಟ್ ಕ್ಲಾಸಿನಲ್ಲಿ. ಎಸಿ ಇಲ್ಲದ ಫಸ್ಟ್ ಕ್ಲಾಸಿಗೂ ನಿಯಮ ಅನ್ವಯಿಸುತ್ತದೆ, ಆದರೆ ಆ ಡಬ್ಬಿಗಳು ಈಗ ಬಹುಪಾಲು ರೈಲುಗಳಲ್ಲಿ ಇಲ್ಲ. ಎಸಿ ಟು ಟಿಯರ್, ತ್ರೀ ಟಿಯರ್, ಚೇರ್ ಕಾರ್, ಸ್ಲೀಪರ್, ಜನರಲ್, ಇವುಗಳಲ್ಲಿ ಯಾವುದಕ್ಕೂ ನಾಯಿಗೆ ಪ್ರವೇಶವಿಲ್ಲ. ಶತಾಬ್ದಿ, ಜನ ಶತಾಬ್ದಿ, ಕೂತು ಹೋಗುವ ವಂದೇ ಭಾರತ್ ರೈಲುಗಳಲ್ಲಿ ಫಸ್ಟ್ ಎಸಿಯೇ ಇಲ್ಲದ್ದರಿಂದ ಅವುಗಳ ಮಾತೇ ಬರುವುದಿಲ್ಲ. ವಂದೇ ಭಾರತ್‌ನ ಎಕ್ಸಿಕ್ಯೂಟಿವ್ ಡಬ್ಬಿಯ ದರ ಎಷ್ಟೇ ದೊಡ್ಡದಿದ್ದರೂ ಅದು ಚೇರ್ ಕಾರೇ.

ಫಸ್ಟ್ ಎಸಿ ಟಿಕೆಟ್ ಕೈಯಲ್ಲಿದ್ದರೆ ಕೆಲಸ ಮುಗಿಯಿತೆಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿಂದ. ಈ ಡಬ್ಬಿಯಲ್ಲಿ ಎರಡು ಬಗೆಯ ಕೋಣೆಗಳಿರುತ್ತವೆ. ನಾಲ್ಕು ಬರ್ತ್‌ಗಳದ್ದು ಕ್ಯಾಬಿನ್, ಎರಡು ಬರ್ತ್‌ಗಳದ್ದು ಕೂಪೆ. ಎರಡಕ್ಕೂ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಇದೆ. ಕೋಣೆ ಪೂರ್ತಿಯಾಗಿ ನಾಯಿಯ ಮನೆಯವರದ್ದೇ ಆಗಿದ್ದರೆ ನಾಯಿ ಅವರ ಕಾಲ ಬಳಿ ಮಲಗಿ ಹೋಗಬಹುದು. ಬೇರೆಯವರು ಅದೇ ಕೋಣೆಯಲ್ಲಿದ್ದರೆ ಅವರ ಒಪ್ಪಿಗೆ ಬೇಕು. ಮೊದಲು ಒಪ್ಪಿದವರು ನಡುದಾರಿಯಲ್ಲಿ ಬೇಡವೆಂದರೂ ನಾಯಿಯನ್ನು ಗಾರ್ಡ್ ಬೋಗಿಗೆ ಸಾಗಿಸಲಾಗುತ್ತದೆ, ಕಟ್ಟಿದ ಹಣ ವಾಪಸು ಬರುವುದಿಲ್ಲ.

ಇಲ್ಲಿಯೇ ಫಸ್ಟ್ ಎಸಿಯ ಒಂದು ವಿಶೇಷವನ್ನು ತಿಳಿದುಕೊಳ್ಳಬೇಕು. ಸ್ಲೀಪರ್ ಅಥವಾ ತ್ರೀ ಟಿಯರ್ ಟಿಕೆಟ್ ತೆಗೆದ ಕ್ಷಣವೇ ಡಬ್ಬಿ ಯಾವುದು, ಬರ್ತ್ ಯಾವುದು ಎಂದು ಟಿಕೆಟ್ಟಿನ ಮೇಲೆ ಬರುತ್ತದೆ. ಫಸ್ಟ್ ಎಸಿಯಲ್ಲಿ ಹಾಗಲ್ಲ. ಖಚಿತ ಎಂದು ಮಾತ್ರ ಇರುತ್ತದೆ, ಯಾವ ಕೋಣೆ ಎಂಬುದು ಚಾರ್ಟ್ ತಯಾರಾಗುವಾಗ ನಿರ್ಧಾರವಾಗುತ್ತದೆ. ಬುಕಿಂಗ್ ಮಾಡುವಾಗ ಕೂಪೆ ಬೇಕೆಂಬ ಆಯ್ಕೆಯನ್ನು ಒತ್ತಬಹುದು, ಆದರೆ ಅದು ಕೋರಿಕೆಯಷ್ಟೇ. ಹಿರಿಯ ಅಧಿಕಾರಿಗಳು, ಜನಪ್ರತಿನಿಧಿಗಳು, ಮದುವೆಯಾದ ಹೊಸಬರು, ಒಂಟಿ ಮಹಿಳೆಯರು, ಎಲ್ಲರೂ ಅದೇ ಕೋಣೆಯನ್ನು ಕೇಳುತ್ತಿರುತ್ತಾರೆ.

ಕೂಪೆಗಳು ಎಷ್ಟಿರುತ್ತವೆ? ಇದು ರೈಲಿನ ಡಬ್ಬಿಯನ್ನು ಅವಲಂಬಿಸಿದೆ. ಪೂರ್ತಿ ಫಸ್ಟ್ ಎಸಿಯಾದ ಹೊಸ ಮಾದರಿಯ, ಅಂದರೆ ಎಲ್‌ಎಚ್‌ಬಿ ಡಬ್ಬಿಗೆ ಎಚ್1 ಎಂಬ ಗುರುತು. ಅದರಲ್ಲಿ 24 ಬರ್ತ್, ನಾಲ್ಕು ಕ್ಯಾಬಿನ್, ನಾಲ್ಕು ಕೂಪೆ. ಅರ್ಧ ಫಸ್ಟ್ ಎಸಿ, ಇನ್ನರ್ಧ ಟು ಟಿಯರ್ ಆಗಿರುವ ಹಳೆಯ ಮಾದರಿಯ ಡಬ್ಬಿಗೆ ಎಚ್‌ಎ1 ಎಂಬ ಗುರುತು. ಅದರ ಫಸ್ಟ್ ಎಸಿ ಭಾಗದಲ್ಲಿ ಹತ್ತೇ ಬರ್ತ್, ಎರಡು ಕ್ಯಾಬಿನ್, ಒಂದೇ ಒಂದು ಕೂಪೆ. ಅಂಥ ರೈಲಿನಲ್ಲಿ ಇಡೀ ರಾತ್ರಿಗೆ ಆ ಒಂದೇ ಕೋಣೆ ಯಾರ ಪಾಲಾಗುತ್ತದೆ ಎಂಬುದರ ಮೇಲೆ ನಾಯಿಯ ಪ್ರಯಾಣ ನಿಂತಿರುತ್ತದೆ. ಆದ್ದರಿಂದ ನಾಯಿಯೊಂದಿಗೆ ಹೊರಡುವವರು ರೈಲನ್ನು ಆರಿಸುವಾಗ ವೇಳೆಗಿಂತ ಮೊದಲು ನೋಡಬೇಕಾದದ್ದು ಡಬ್ಬಿಗಳ ಜೋಡಣೆಯನ್ನು. ಎಚ್1 ಇರುವ ರೈಲು ಎರಡು ತಾಸು ತಡವಾಗಿ ಊರು ಮುಟ್ಟಿದರೂ ಅದೇ ಒಳ್ಳೆಯದು.

ಇದು ಹೇಗೆ ನಡೆಯುತ್ತದೆ ಎಂದು ಒಂದು ಕುಟುಂಬವನ್ನು ಕಲ್ಪಿಸಿಕೊಂಡು ನೋಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ, ಮೂರು ವರ್ಷದ ಲ್ಯಾಬ್ರಡಾರ್ ನಾಯಿ. ಹೆಸರು ಕೆಂಚ. ದೀಪಾವಳಿಗೆ ಬೆಳಗಾವಿಯ ಮನೆಗೆ ಹೋಗಬೇಕು. ರಾತ್ರಿ ರೈಲು, ಬೆಳಿಗ್ಗೆ ಊರು.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಫಸ್ಟ್ ಎಸಿಯ ಬರ್ತ್‌ಗಳು ಕಡಿಮೆ ಇರುವುದರಿಂದ, ಹಬ್ಬದ ದಿನಗಳಲ್ಲಂತೂ, ತೆರೆದ ದಿನವೇ ತೆಗೆಯಬೇಕು. ಇಬ್ಬರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬೇರೆ ಬೇರೆ ತೆಗೆದರೆ ಅವರಿಬ್ಬರನ್ನು ಒಂದೇ ಕೋಣೆಗೆ ಹಾಕಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ಬರ್ತ್ ಇದ್ದರೆ ಕೂಪೆ, ನಾಲ್ಕು ಬರ್ತ್ ತೆಗೆದರೆ ಕ್ಯಾಬಿನ್. ಒಬ್ಬರೇ ಹೊರಟವರಿಗೆ ಕಷ್ಟ ಹೆಚ್ಚು, ಕೂಪೆಯ ಇನ್ನೊಂದು ಬರ್ತ್‌ಗೆ ಅಪರಿಚಿತರು ಬರುತ್ತಾರೆ. ನಾಯಿ ಪ್ರೀತಿಯ ಗೆಳೆಯರನ್ನೋ ತಮ್ಮನನ್ನೋ ಜೊತೆಗೆ ಹೊರಡಿಸುವುದು ಇಂಥ ಕಡೆ ನಿಜಕ್ಕೂ ಉಪಯೋಗದ ಉಪಾಯ.

ಮನೆಯ ಫೋನಿನಲ್ಲಿ ಟಿಕೆಟ್ ತೆಗೆದಾಗ ಕೆಂಚನ ಹೆಸರು ಎಲ್ಲಿಯೂ ಬರುವುದಿಲ್ಲ. ಪ್ರಾಣಿಗಳಿಗೂ ಆನ್‌ಲೈನ್ ಟಿಕೆಟ್ ಕೊಡುವ ಪ್ರಸ್ತಾವ 2023ರಲ್ಲಿ ಸುದ್ದಿಯಾಗಿತ್ತು. ಅದನ್ನು ನಂಬಿಕೊಂಡು ಕೂರದೆ ನಿಲ್ದಾಣದ ಲಗೇಜ್ ಕೌಂಟರಿಗೇ ಹೋಗಲು ತಯಾರಾಗಿರುವುದು ಕ್ಷೇಮ. ರೈಲ್ವೆಯ ಲೆಕ್ಕದಲ್ಲಿ ನಾಯಿ ಪ್ರಯಾಣಿಕನಲ್ಲ, ಶುಲ್ಕ ಕಟ್ಟಿ ಒಯ್ಯುವ ಸಾಮಾನು.

ಮುಂದಿನ ಹೆಜ್ಜೆ ಅರ್ಜಿ. ಕೂಪೆ ಹಂಚುವ ಕೆಲಸ ರೈಲು ಹೊರಡುವ ವಿಭಾಗದ ವಾಣಿಜ್ಯ ಶಾಖೆಯದ್ದು. ಕರ್ನಾಟಕದ ಬಹುಭಾಗ ಬರುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಗೆ, ಅದರಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂಬ ಮೂರು ವಿಭಾಗಗಳಿವೆ. ಕೆಂಚನ ರೈಲು ಬೆಂಗಳೂರಿನಿಂದ ಹೊರಡುವುದರಿಂದ ಅರ್ಜಿ ಬೆಂಗಳೂರಿನ ಕಚೇರಿಗೆ. ಬಿಳಿ ಹಾಳೆಯ ಮೇಲೆ ಪಿಎನ್‌ಆರ್, ರೈಲಿನ ಸಂಖ್ಯೆ, ದಿನಾಂಕ, ನಾಯಿಯ ತಳಿ ಬರೆದು, ಟಿಕೆಟ್ಟಿನ ಮತ್ತು ಲಸಿಕೆ ಪುಸ್ತಕದ ಪ್ರತಿ ಸೇರಿಸಿ, ಪ್ರಯಾಣದ ಹಿಂದಿನ ದಿನವೋ ಅದಕ್ಕೂ ಮೊದಲೋ ಕೊಡಬೇಕು. "ನಾಯಿ ಇರುವುದರಿಂದ ಕೂಪೆ ಕೊಡಬೇಕಾಗಿ ವಿನಂತಿ" ಎಂಬ ಒಂದು ಸಾಲು ಸ್ಪಷ್ಟವಾಗಿದ್ದರೆ ಸಾಕು. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಬೇಕು. ಚಾರ್ಟ್ ತಯಾರಿಸುವವರಿಗೆ ಈ ಮಾಹಿತಿ ಮೊದಲೇ ತಲುಪಿದರೆ ಅವರಿಗೂ ಕೆಲಸ ಸುಲಭ, ಏಕೆಂದರೆ ಮೂರನೆಯವರೊಬ್ಬರನ್ನು ನಾಯಿಯ ಕೋಣೆಗೆ ಹಾಕಿ ಆಮೇಲೆ ರೈಲಿನೊಳಗೆ ಜಗಳ ಬಿಡಿಸುವುದು ಯಾರಿಗೂ ಬೇಕಿಲ್ಲ.

ಬಹಳ ವರ್ಷ ಚಾರ್ಟ್ ಆಗುತ್ತಿದ್ದದ್ದು ರೈಲು ಹೊರಡುವ ನಾಲ್ಕು ಗಂಟೆ ಮೊದಲು. 2025ರ ಜುಲೈಯಿಂದ ಅದನ್ನು ಇನ್ನಷ್ಟು ಮೊದಲೇ ಮಾಡುವ ಪದ್ಧತಿ ಬಂತು. ನಾಯಿ ಇರುವವರಿಗೆ ಇದೊಂದು ದೊಡ್ಡ ಉಪಕಾರ. ಮೊದಲು ಸಾಮಾನು ಕಟ್ಟಿ, ನಾಯಿಯನ್ನು ಹೊರಡಿಸಿ, ಟ್ಯಾಕ್ಸಿಯಲ್ಲಿ ಕೂತ ಮೇಲೆ "ಕ್ಯಾಬಿನ್ ಸಿ" ಎಂಬ ಸಂದೇಶ ಬರುತ್ತಿತ್ತು. ಈಗ ರಾತ್ರಿ ರೈಲಿನ ಕೋಣೆ ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ, ಕೂಪೆ ಸಿಗದಿದ್ದರೆ ಕಾರು ಹುಡುಕಲು ಒಂದಷ್ಟು ಸಮಯ ಉಳಿಯುತ್ತದೆ. ಆದರೆ ಚಾರ್ಟ್ ಆದ ಮೇಲೆ ಖಚಿತ ಟಿಕೆಟ್ಟಿನ ಹಣ ಹಿಂದಕ್ಕೆ ಪಡೆಯುವುದು ಕಷ್ಟ. ಅಂದರೆ ಕೋಣೆಯ ವಿಷಯ ಗೊತ್ತಾಗುವ ಹೊತ್ತಿಗೆ ಹಣದ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಕೂಪೆಯನ್ನು ಟಿಕೆಟ್ ತೆಗೆಯುವಾಗಲೇ ಖಚಿತಪಡಿಸುವ ಒಂದು ದಾರಿಯನ್ನು ರೈಲ್ವೆ ಮಾಡಿಕೊಟ್ಟರೆ, ಸಾವಿರಾರು ಮನೆಗಳ ಆತಂಕ ಒಂದೇ ಏಟಿಗೆ ಕಳೆಯುತ್ತದೆ. ಹೆಚ್ಚು ಹಣ ಕೇಳಿದರೂ ನಾಯಿ ಸಾಕಿದವರು ಸಂತೋಷದಿಂದ ಕೊಟ್ಟಾರು.

ಕೆಂಚನ ಮನೆಯವರಿಗೆ ಕೂಪೆ ಸಿಕ್ಕಿತೆಂದುಕೊಳ್ಳೋಣ. ಆದರೂ ನೇರವಾಗಿ ಪ್ಲಾಟ್‌ಫಾರ್ಮಿಗೆ ಹೋಗುವಂತಿಲ್ಲ. ರೈಲು ಹೊರಡುವ ಎರಡು ಮೂರು ಗಂಟೆ ಮೊದಲೇ ಪಾರ್ಸೆಲ್ ಮತ್ತು ಲಗೇಜ್ ಕಚೇರಿಗೆ ಹೋಗಬೇಕು. ದೊಡ್ಡ ನಿಲ್ದಾಣಗಳಲ್ಲಿ ಅದು ಮುಖ್ಯ ದ್ವಾರದಿಂದ ದೂರದಲ್ಲಿರುತ್ತದೆ, ಗೋಣಿ, ಬೈಕು, ಮೀನಿನ ಪೆಟ್ಟಿಗೆಗಳ ನಡುವೆ. ಹಿಂದಿನ ದಿನವೇ ಒಬ್ಬರು ಹೋಗಿ ಜಾಗ ನೋಡಿಕೊಂಡು ಬಂದಿದ್ದರೆ ಕತ್ತಲಲ್ಲಿ ನಾಯಿ ಹಿಡಿದು ಅಲೆಯುವುದು ತಪ್ಪುತ್ತದೆ. ಅಲ್ಲಿ ಬೇಕಾಗುವುದು ಟಿಕೆಟ್ಟಿನ ಪ್ರತಿ, ಗುರುತಿನ ಚೀಟಿ, ಲಸಿಕೆ ಪುಸ್ತಕ ಮತ್ತು ಪಶುವೈದ್ಯರು ಕೊಟ್ಟ ಆರೋಗ್ಯ ಪ್ರಮಾಣಪತ್ರ. ಈ ಪ್ರಮಾಣಪತ್ರ ಪ್ರಯಾಣಕ್ಕೆ ಒಂದೆರಡು ದಿನ ಮುಂಚೆ ಪಡೆದದ್ದಾಗಿರಬೇಕು. ತಿಂಗಳ ಹಿಂದಿನದನ್ನು ಗುಮಾಸ್ತರು ಒಪ್ಪದಿದ್ದರೆ ಆ ಹೊತ್ತಿನಲ್ಲಿ ಪಶುವೈದ್ಯರು ಸಿಗುವುದಿಲ್ಲ. ಅದರಲ್ಲಿ ತಳಿ, ಬಣ್ಣ, ವಯಸ್ಸು, ರೇಬಿಸ್ ಲಸಿಕೆಯ ದಿನಾಂಕ, ಸೋಂಕಿನ ಲಕ್ಷಣವಿಲ್ಲ, ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಮಾತುಗಳು ಇರಬೇಕು. ಗರ್ಭ ತುಂಬಿದ ಹೆಣ್ಣುನಾಯಿಯನ್ನು ಸಾಗಿಸಲು 1978ರ ಪ್ರಾಣಿ ಸಾಗಣೆ ನಿಯಮಗಳೇ ಅವಕಾಶ ಕೊಡುವುದಿಲ್ಲ.

ಶುಲ್ಕದ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಫಸ್ಟ್ ಎಸಿಯಲ್ಲಿ ಒಯ್ಯುವ ನಾಯಿಯನ್ನು, ಅದರ ತೂಕ ಎಷ್ಟೇ ಇರಲಿ, 60 ಕೆಜಿ ಲಗೇಜ್ ಎಂದು ಎಣಿಸಿ, ದೂರಕ್ಕೆ ತಕ್ಕ ದರ ಹಾಕುತ್ತಾರೆ. ಪೊಮೆರೇನಿಯನ್ ಆದರೂ ಅಷ್ಟೇ, ಜರ್ಮನ್ ಶೆಫರ್ಡ್ ಆದರೂ ಅಷ್ಟೇ. ಫಸ್ಟ್ ಎಸಿ ಪ್ರಯಾಣಿಕರಿಗೆ 70 ಕೆಜಿ ಸಾಮಾನು ಉಚಿತವಾಗಿರುತ್ತದೆ, ಆದರೆ ನಾಯಿ ಆ ಉಚಿತದೊಳಗೆ ಸೇರುವುದಿಲ್ಲ. ಹಣ ಕಟ್ಟಿದ ಮೇಲೆ ಕೈಗೆ ಬರುವ ಲಗೇಜ್ ಚೀಟಿಯೇ ಕೆಂಚನ ಟಿಕೆಟ್. ಅದನ್ನು ಕೊನೆಯ ನಿಲ್ದಾಣದಲ್ಲಿ ಹೊರಬರುವವರೆಗೂ ಜೋಪಾನ ಮಾಡಬೇಕು. ಈ ಚೀಟಿ ಇಲ್ಲದೆ ಸಿಕ್ಕಿಬಿದ್ದ ನಾಯಿಗೆ ಮಾಮೂಲಿ ದರದ ಹಲವು ಪಟ್ಟು ದಂಡ ಬೀಳುತ್ತದೆ, ನಾಯಿ ಗಾರ್ಡ್ ಬೋಗಿಗೆ ಹೋಗುತ್ತದೆ. ಟು ಟಿಯರ್‌ನಲ್ಲಿ ಪರದೆ ಎಳೆದುಕೊಂಡು ಬಚ್ಚಿಟ್ಟೊಯ್ಯುವ ಯೋಚನೆ ಮಾಡುವವರು ನೆನಪಿಡಬೇಕಾದದ್ದು ಇದನ್ನೇ. ದಂಡ ಮನೆಯವರಿಗೆ, ಶಿಕ್ಷೆ ನಾಯಿಗೆ.

ಕುತ್ತಿಗೆಯ ಬೆಲ್ಟು ಮತ್ತು ಚೈನು ಕಡ್ಡಾಯ. ಆದರೆ ಪ್ಲಾಟ್‌ಫಾರ್ಮಿನಲ್ಲಿ ಕುತ್ತಿಗೆಯ ಬೆಲ್ಟೊಂದನ್ನೇ ನಂಬಬಾರದು. 2025ರಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊದಲ್ಲಿ, ಆಗಲೇ ಚಲಿಸತೊಡಗಿದ್ದ ರೈಲಿಗೆ ಒಬ್ಬರು ಗೋಲ್ಡನ್ ರಿಟ್ರೀವರ್ ನಾಯಿಯನ್ನು ಹತ್ತಿಸಲು ಎಳೆದಾಡುತ್ತಾರೆ. ಬೆದರಿದ ನಾಯಿ ಹಿಂದಕ್ಕೆ ಜಗ್ಗುತ್ತದೆ, ಕತ್ತಿನ ಪಟ್ಟಿ ಕಳಚಿಕೊಳ್ಳುತ್ತದೆ, ನಾಯಿ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಬೀಳುತ್ತದೆ. ಹಿಂದಕ್ಕೆ ಜಗ್ಗುವ ನಾಯಿಯ ಕುತ್ತಿಗೆಯಿಂದ ಪಟ್ಟಿ ಕಿವಿಯ ಮೇಲೆ ಜಾರಿ ಬರುವುದು ಬಹಳ ಸುಲಭ. ಎದೆ ಮತ್ತು ಹೆಗಲನ್ನು ಸುತ್ತುವ ಹಾರ್ನೆಸ್ ಹಾಗೆ ಜಾರುವುದಿಲ್ಲ. ಹಾರ್ನೆಸ್ಸಿಗೂ ಕುತ್ತಿಗೆಯ ಬೆಲ್ಟಿಗೂ ಬೇರೆ ಬೇರೆ ಹಗ್ಗ ಹಾಕಿ, ಒಬ್ಬರು ಸಾಮಾನು ಹಿಡಿದರೆ ಇನ್ನೊಬ್ಬರು ಎರಡೂ ಕೈಯಲ್ಲಿ ನಾಯಿಯನ್ನು ಹಿಡಿದಿರಬೇಕು. ರೈಲು ಪೂರ್ತಿ ನಿಂತ ಮೇಲೆ ಮಾತ್ರ ಹತ್ತಿಸಬೇಕು. ರೈಲು ತಪ್ಪಿಹೋದರೆ ತಪ್ಪಿಹೋಗಲಿ.

ಹೊರಡುವ ಎರಡು ಗಂಟೆ ಮೊದಲೇ ಊಟ ಮುಗಿದಿರಬೇಕೆಂದು ಸಾಗಣೆ ನಿಯಮ ಹೇಳುತ್ತದೆ. ವಾಂತಿಯ ಸ್ವಭಾವದ ನಾಯಿಗೆ ಇನ್ನೂ ಸ್ವಲ್ಪ ಮೊದಲೇ, ಮಾಮೂಲಿಗಿಂತ ಅರ್ಧ ಹಾಕಿದರೆ ಸಾಕು. ದೊಡ್ಡ ನಾಯಿಗೆ 12 ಗಂಟೆಗೊಮ್ಮೆ, ಮರಿಗೆ ನಾಲ್ಕು ಗಂಟೆಗೊಮ್ಮೆ ಆಹಾರ, ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು ಎಂದು ಅದೇ ನಿಯಮ ಗೊತ್ತುಮಾಡಿದೆ. ನಿಲ್ದಾಣಕ್ಕೆ ಬರುವ ಮುನ್ನ ಚೆನ್ನಾಗಿ ನಡೆಸಿ, ಮಲಮೂತ್ರ ಮುಗಿಸಿಸಿದ ನಾಯಿ ಸಾಮಾನ್ಯವಾಗಿ ರಾತ್ರಿಯಿಡೀ ಮಲಗುತ್ತದೆ. ಆದರೂ ಹಳೆಯ ಪತ್ರಿಕೆ, ಮಗ್ಗುಲಿಗೆ ಹಾಸುವ ಡೈಪರ್ ಶೀಟು, ಒಂದು ಬಾಟಲಿ ನೀರು ಕೈಯಲ್ಲಿರಲಿ. ಬೆಡ್‌ಶೀಟು, ಕಂಬಳಿ ರೈಲ್ವೆಯವು, ಅವನ್ನು ನಾಯಿಗೆ ಹಾಸಬಾರದು. ಮನೆಯ ಹಳೆಯ ಹೊದಿಕೆ ಹಾಸಿದರೆ ತನ್ನ ವಾಸನೆಗೆ ನಾಯಿಯೂ ಬೇಗ ಸಮಾಧಾನವಾಗುತ್ತದೆ. ನಿದ್ದೆ ಮಾತ್ರೆಯನ್ನು ವೈದ್ಯರು ಹೇಳದೆ ಕೊಡುವುದು ಅಪಾಯ, ಮಂಪರಿನಲ್ಲಿರುವ ಪ್ರಾಣಿಯ ಉಸಿರಾಟ ಕುಗ್ಗಿದರೂ ತಿಳಿಯುವುದಿಲ್ಲ.

ಇನ್ನು ಕೂಪೆ ಸಿಗದೇ ಹೋದಾಗಿನ ಮಾತು. ಕೆಂಚನ ಮನೆಯವರಿಗೆ ಬಂದದ್ದು ನಾಲ್ಕು ಬರ್ತ್‌ಗಳ ಕ್ಯಾಬಿನ್, ಇನ್ನೆರಡರಲ್ಲಿ ಹಿರಿಯ ದಂಪತಿ. ಇಲ್ಲಿ ಮೊದಲು ಮಾಡಬೇಕಾದದ್ದು ರೈಲಿನೊಳಗೆ ಟಿಟಿಇಯನ್ನು ಕಂಡು ಪರಿಸ್ಥಿತಿ ಹೇಳುವುದು. ಯಾರಾದರೂ ಹತ್ತದೆ ಉಳಿದಿದ್ದರೆ, ಅಥವಾ ಕೂಪೆಯಲ್ಲಿರುವ ಇಬ್ಬರು ಬದಲಾಯಿಸಿಕೊಳ್ಳಲು ಒಪ್ಪಿದರೆ ಅವರು ಹೊಂದಿಸಬಲ್ಲರು. ಹಿರಿಯರನ್ನು ಕೇಳುವ ರೀತಿಯೂ ಮುಖ್ಯ. ನಾಯಿಯನ್ನು ಒಳಗೆ ಎಳೆದುಕೊಂಡು ಬಂದು ಆಮೇಲೆ ಕೇಳುವುದು ಬೇರೆ, ನಾಯಿಯನ್ನು ಹೊರಗೆ ನಿಲ್ಲಿಸಿ ಒಬ್ಬರೇ ಒಳಬಂದು, "ಅಂಕಲ್, ನಮ್ಮ ಜೊತೆ ನಾಯಿ ಇದೆ, ಲಸಿಕೆ ಎಲ್ಲ ಆಗಿದೆ, ನಿಮಗೆ ಭಯವೋ ಅಲರ್ಜಿಯೋ ಇದ್ದರೆ ದಯವಿಟ್ಟು ಹೇಳಿಬಿಡಿ" ಎನ್ನುವುದು ಬೇರೆ. ಬೇಡ ಎನ್ನುವ ಹಕ್ಕು ಅವರಿಗೆ ಪೂರ್ತಿಯಾಗಿ ಇದೆ. ದುಡ್ಡು ಕೊಟ್ಟು ಬಂದ ಅವರೂ ನೆಮ್ಮದಿಯ ನಿದ್ದೆ ಬಯಸಿಯೇ ಬಂದವರು.

ಅವರು ಬೇಡವೆಂದರೆ ಉಳಿಯುವುದು ಗಾರ್ಡ್ ಬೋಗಿಯ ಡಾಗ್ ಬಾಕ್ಸ್. ಗಾರ್ಡ್ ಎಂಬ ಹುದ್ದೆಯ ಹೆಸರು 2022ರಿಂದ ಟ್ರೈನ್ ಮ್ಯಾನೇಜರ್ ಎಂದಾಗಿದೆ, ಬೋಗಿಗೆ ಮಾತ್ರ ಜನರ ಬಾಯಲ್ಲಿ ಹಳೆಯ ಹೆಸರೇ. ಡಾಗ್ ಬಾಕ್ಸ್ ಎಂದರೆ ಆ ಬೋಗಿಯಲ್ಲಿ ಕಟ್ಟಿರುವ ಲೋಹದ ಗೂಡು, ಗಾಳಿಗೆ ಜಾಲರಿ ಬಾಗಿಲು. ಶುಲ್ಕದ ಲೆಕ್ಕ ಇಲ್ಲಿ 30 ಕೆಜಿಯದ್ದು, ಆದ್ದರಿಂದ ಅಗ್ಗ. ಮನೆಯವರು ಯಾವ ತರಗತಿಯ ಟಿಕೆಟ್ ತೆಗೆದಿದ್ದರೂ ಹೀಗೆ ಒಯ್ಯಬಹುದು. ಅಗ್ಗವೆಂಬ ಒಂದೇ ಕಾರಣಕ್ಕೆ ಇದನ್ನು ಆರಿಸುವವರು ಎರಡು ಸಲ ಯೋಚಿಸಬೇಕು.

ಗೂಡಿನಲ್ಲಿ ಎಸಿ ಇಲ್ಲ. ಸುತ್ತ ಲೋಹ. ಪಕ್ಕದಲ್ಲಿ ಸಾಮಾನು ಹತ್ತಿಸುವ ಇಳಿಸುವ ಸದ್ದು, ಚಕ್ರದ ಸದ್ದು. ಮನೆಯವರ ದನಿಯಿಲ್ಲ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಕಡೆ ಹಗಲು ರೈಲಿನಲ್ಲಿ ಇಂಥ ಗೂಡಿಗೆ ನಾಯಿಯನ್ನು ಹಾಕುವುದು ಜೀವದ ಜೊತೆ ಆಡಿದಂತೆ. ನಾಯಿ ಬೆವರಿ ತಂಪಾಗುವ ಪ್ರಾಣಿಯಲ್ಲ, ನಾಲಗೆ ಹೊರಹಾಕಿ ಏದುಸಿರು ಬಿಡುತ್ತ ಮೈಬಿಸಿ ಕಳೆದುಕೊಳ್ಳುತ್ತದೆ. ಸುತ್ತಲ ಗಾಳಿಯೇ ಬಿಸಿಯಾಗಿದ್ದರೆ ಆ ದಾರಿಯೂ ಮುಚ್ಚುತ್ತದೆ. ಪಗ್, ಬುಲ್‌ಡಾಗ್, ಶಿಹ್ ತ್ಸು ಮುಂತಾದ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು, ಅವುಗಳನ್ನು ಯಾವ ಕಾಲದಲ್ಲೂ ಅಲ್ಲಿ ಹಾಕಬಾರದು. ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಕಡುಕೆಂಪಾದ ವಸಡು, ಎದ್ದು ನಿಂತರೆ ತೂರಾಡುವುದು, ಇವು ಬಿಸಿಲಾಘಾತದ ಗುರುತು. ಕಂಡ ಕೂಡಲೇ ನೆರಳಿಗೆ ತಂದು, ಹೊಟ್ಟೆ ಮತ್ತು ಪಾದಗಳಿಗೆ ಸಾಧಾರಣ ತಣ್ಣನೆಯ ನೀರು ಹಾಕಿ, ಗಾಳಿ ಬೀಸಿ, ಮುಂದಿನ ಊರಿನಲ್ಲಿ ಇಳಿದು ಪಶುವೈದ್ಯರ ಬಳಿಗೆ ಓಡಬೇಕು.

ಆದರೆ ಕಂಡರೆ ತಾನೇ? ಆರು ಗಂಟೆಗಿಂತ ಉದ್ದದ ರೈಲು ಪ್ರಯಾಣದಲ್ಲಿ ನಾಯಿಯ ಜೊತೆ ನೋಡಿಕೊಳ್ಳುವವರೊಬ್ಬರು ಇರಬೇಕು, ದಾರಿಯ ನಿಲ್ದಾಣಗಳಲ್ಲಿ ಅವರು ನಾಯಿಯ ಬಳಿ ಹೋಗಲು ಅವಕಾಶವಿರಬೇಕು ಎಂದು ಸಾಗಣೆ ನಿಯಮ ಹೇಳುತ್ತದೆ. ಅದನ್ನು ನಡೆಸುವುದು ಕಾಲಿನ ಕೆಲಸ. ಒಂದು ಹೊಸ ಮಾದರಿಯ ಡಬ್ಬಿ ಸುಮಾರು 23 ಮೀಟರ್ ಉದ್ದ. 22 ಡಬ್ಬಿಗಳ ರೈಲೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಮನೆಯವರ ಬರ್ತ್ ಎಂಜಿನ್ನಿನ ಪಕ್ಕದಲ್ಲಿದ್ದು ಡಾಗ್ ಬಾಕ್ಸ್ ಹಿಂಬದಿಯಲ್ಲಿದ್ದರೆ, ಎರಡು ನಿಮಿಷದ ನಿಲುಗಡೆಯಲ್ಲಿ ಹೋಗಿ ನೀರು ಕೊಟ್ಟು ಬರಲು ಆಗದು. ಓಡಲು ಯತ್ನಿಸಬಾರದು. ಹೀಗೆ ಒಯ್ಯಲೇಬೇಕಾದವರು ಟಿಕೆಟ್ ತೆಗೆಯುವ ಮುನ್ನವೇ ಡಬ್ಬಿಗಳ ಸಾಲನ್ನು ನೋಡಿ, ಹಿಂಬದಿಗೆ ಹತ್ತಿರದ ಡಬ್ಬಿಯನ್ನು ಆರಿಸಬೇಕು. ಹತ್ತು ನಿಮಿಷಕ್ಕೂ ಹೆಚ್ಚು ನಿಲ್ಲುವ ನಿಲ್ದಾಣಗಳನ್ನು ವೇಳಾಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಹೊರಡುವ ಮುನ್ನ ಟ್ರೈನ್ ಮ್ಯಾನೇಜರರನ್ನು ಕಂಡು ಆ ಊರುಗಳಲ್ಲಿ ಬರುವುದಾಗಿ ತಿಳಿಸಬೇಕು. ಗೂಡಿಗೆ ಬೀಗ ಇದೆಯೇ, ಬಾಗಿಲಿನ ಚಿಲಕ ಗಟ್ಟಿಯಾಗಿದೆಯೇ, ಹಿಂದಿನ ಪ್ರಾಣಿಯ ಗಲೀಜು ಉಳಿದಿದೆಯೇ ಎಂದು ನಾಯಿಯನ್ನು ಒಳಗೆ ಬಿಡುವ ಮುಂಚೆಯೇ ಟಾರ್ಚ್ ಹಾಕಿ ನೋಡಬೇಕು. ದಾರಿಯಲ್ಲಿ ನಾಯಿಗೆ ಏನಾದರೂ ಆದರೆ ರೈಲ್ವೆಯ ಹೊಣೆ ಸೀಮಿತ. ಪ್ರಾಣಿಯ ಬೆಲೆಯನ್ನು ಮೊದಲೇ ಘೋಷಿಸಿ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟಿದವರಿಗೆ ಮಾತ್ರ ಪರಿಹಾರ ಹೆಚ್ಚುತ್ತದೆ.

ಬೆಕ್ಕಿನ ಕಷ್ಟ ಬೇರೆ ಬಗೆಯದ್ದು. ಅದನ್ನೂ ಲಗೇಜ್ ಕಚೇರಿಯಲ್ಲಿ ಬುಕ್ ಮಾಡಿಯೇ ಒಯ್ಯಬೇಕು, ನಾಯಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಬೆಕ್ಕಿಗೆ ಚೈನು ಸಾಲದು, ಬುಟ್ಟಿ ಅಥವಾ ಪೆಟ್ಟಿಗೆ ಬೇಕು. ಬೆಕ್ಕು ಒಳಗೆ ನಿಲ್ಲುವಷ್ಟು ಎತ್ತರ, ಒಂದು ಸುತ್ತು ತಿರುಗುವಷ್ಟು ಅಗಲ, ಕಾಲು ಚಾಚಿ ಮಲಗುವಷ್ಟು ಉದ್ದ, ಮೂರು ಬದಿಯಲ್ಲಾದರೂ ಗಾಳಿಕಿಂಡಿ ಇರಬೇಕು. ಬಟ್ಟೆಯ ಚೀಲದ ಜಿಪ್ಪನ್ನು ಬೆದರಿದ ಬೆಕ್ಕು ಪಂಜದಿಂದ ತೆರೆದುಬಿಡಬಲ್ಲದು, ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೇ ವಾಸಿ. ಪ್ರಯಾಣಕ್ಕೆ ಎರಡು ವಾರ ಮೊದಲೇ ಆ ಪೆಟ್ಟಿಗೆಯನ್ನು ಮನೆಯ ಮೂಲೆಯಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ಊಟ ಹಾಕುತ್ತ ಬಂದರೆ ಹೊರಡುವ ದಿನ ಮೈಕೈ ಪರಚಿಸಿಕೊಳ್ಳದೆ ಒಳಗೆ ಬಿಡಬಹುದು. ಬಸ್ಸಿಗಾದರೂ ಇದೇ ಪೆಟ್ಟಿಗೆ. ಕಾಲ ಬಳಿ ಇಟ್ಟು, ಮೇಲೊಂದು ತೆಳು ಬಟ್ಟೆ ಹೊದಿಸಿದರೆ ಹೊರಗಿನ ಓಡಾಟ ಕಾಣದೆ ಬೆಕ್ಕು ಸುಮ್ಮನಾಗುತ್ತದೆ, ಪಕ್ಕದ ಸೀಟಿನವರೂ ಸಮಾಧಾನವಾಗಿರುತ್ತಾರೆ.

ಹಿಂದಿರುಗುವ ಪ್ರಯಾಣದ ಬಗ್ಗೆ ಒಂದು ಮಾತು ಬಾಕಿ ಇದೆ. ಬೆಂಗಳೂರಿನಿಂದ ಹೊರಟಾಗ ಪಡೆದ ಲಗೇಜ್ ಚೀಟಿ ವಾಪಸು ಬರುವಾಗ ನಡೆಯುವುದಿಲ್ಲ, ಕೂಪೆಯ ಅರ್ಜಿಯೂ ಹೊಸದಾಗಿಯೇ ಆಗಬೇಕು. ಬೆಳಗಾವಿಯಿಂದಲೇ ಹೊರಡುವ ರೈಲಾದರೆ ಅರ್ಜಿ ಹುಬ್ಬಳ್ಳಿ ವಿಭಾಗಕ್ಕೆ. ರೈಲು ಮಹಾರಾಷ್ಟ್ರದ ಕಡೆಯಿಂದ ಬೆಳಗಾವಿಯ ಮೇಲೆ ಹಾದು ಬರುವಂಥದ್ದಾದರೆ ಅದು ಹೊರಡುವ ಊರಿನ ವಿಭಾಗ ಯಾವುದೆಂದು ವಿಚಾರಿಸಿಕೊಳ್ಳಬೇಕು, ನಡುದಾರಿಯಲ್ಲಿ ಹತ್ತುವವರ ಪಾಲಿಗೆ ಕೂಪೆ ಉಳಿದಿರುವುದು ಕಡಿಮೆ. ನಾಯಿಯೊಂದಿಗೆ ಹೋಗಿ ಬರುವವರು ಎರಡೂ ಕಡೆಗೆ ಆ ಊರಿನಿಂದಲೇ ಹೊರಡುವ ರೈಲನ್ನು ಹುಡುಕುವುದು ಇದೇ ಕಾರಣಕ್ಕೆ. ಆರೋಗ್ಯ ಪ್ರಮಾಣಪತ್ರವೂ ಅಷ್ಟೊತ್ತಿಗೆ ಹಳತಾಗಿರುತ್ತದೆ, ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹಬ್ಬದ ರಜೆ ನೋಡಿಕೊಂಡು ಹೊಸದನ್ನು ಮಾಡಿಸಿಟ್ಟುಕೊಳ್ಳಬೇಕು.